ನೂರಕ್ಕೆ ಹತ್ತು, ಮತ್ತು ಸಕಲೇಶಪುರಕ್ಕೆ ಮೂರು ಸಲ

ಕಳೆದ ಆಷಾಢದಲ್ಲಿ ಸಕಲೇಶಪುರದ ಆಚೆಯ ಒಂದು ಹೋಂಸ್ಟೇಗೆ ಮೂರು ಸಲ ಹೋಗಿ ಬಂದೆ. ಉಳಿಯಲು ಹೋದದ್ದಲ್ಲ, ಅವರಿಗೊಂದು ವೆಬ್‌ಸೈಟ್ ಮಾಡಿಕೊಡುವ ಮಾತುಕತೆಗೆ. ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸಿಳಿದು, ಅಲ್ಲಿಂದ ತೋಟದ ದಾರಿಗೆ ಆಟೋ ಹುಡುಕಿ, ಮಳೆಯಲ್ಲಿ ನೆನೆದು ಜಗಲಿ ಹತ್ತುವ ಹೊತ್ತಿಗೆ ಮಗಳ ಶಾಲೆಯ ಅರ್ಧ ದಿನ ಕಳೆದಿರುತ್ತಿತ್ತು. ಮನೆಯವರು ಒಳ್ಳೆಯ ಜನ. ಕಾಫಿ ಕೊಟ್ಟರು, ಅಕ್ಕಿ ರೊಟ್ಟಿ ತಿನ್ನಿಸಿದರು, ಎರಡನೇ ಸಲ ಬರುವಾಗ ಕಾಳುಮೆಣಸಿನ ಪೊಟ್ಟಣವನ್ನೂ ಕೈಗಿಟ್ಟರು. ಮೊದಲ ಸಲ ತಮಗೆ ಏನು ಬೇಕೆಂದು ಹೇಳಿದರು, ಎರಡನೇ ಸಲ ನಾನು ಮಾಡಿಕೊಂಡು ಹೋದ ಮಾದರಿ ನೋಡಿದರು, ಮೂರನೇ ಸಲ ಬೆಲೆಯ ಮಾತಾಯಿತು. ಇಪ್ಪತ್ತೈದು ಸಾವಿರ ಅಂದೆ. "ಆಗಲಿ ಮೇಡಂ, ಮನೇಲಿ ಮಾತಾಡಿ ಹೇಳ್ತೀವಿ" ಅಂದರು. ವಾರದ ಮೇಲೆ ಫೋನು ಬಂತು: "ನಮ್ ತಂಗಿ ಮಗ ಬೆಂಗಳೂರಲ್ಲಿ ಇದನ್ನೇ ಓದ್ತಿದಾನೆ ಮೇಡಂ. ಅವನೇ ಮಾಡಿಕೊಡ್ತೀನಿ ಅಂತಾನೆ, ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಅವತ್ತು ರಾತ್ರಿ ಲೆಕ್ಕದ ಪುಸ್ತಕದಲ್ಲಿ ಆ ಮನೆಯ ಹೆಸರಿನ ಮುಂದೆ ಬರೆದ ಗಂಟೆಗಳನ್ನು ಕೂಡಿಸಿದಾಗ ಹನ್ನೊಂದು ಆಯಿತು. ನನ್ನ ವಾರಕ್ಕೆ ಇರುವುದೇ ಇಪ್ಪತ್ತೆರಡು ಗಂಟೆ. ಮಗಳು ಶಾಲೆಗೆ ಹೋದ ಮೇಲೆ ಕೂತರೆ ಅವಳು ಬರುವ ತನಕ ದಿನಕ್ಕೆ ನಾಲ್ಕೂವರೆ ಗಂಟೆ, ವಾರಕ್ಕೆ ಐದು ದಿನ. ಸಂಜೆ ಅತ್ತೆಯ ಔಷಧಿ, ಅಡುಗೆ, ಪಾಠ. ರಾತ್ರಿ ಕೆಲಸ ಮಾಡುವುದಿಲ್ಲ ಎಂದು ಒಂದು ಸಲ ಕಾಯಿಲೆ ಬಿದ್ದ ಮೇಲೆ ತೀರ್ಮಾನಿಸಿದ್ದೇನೆ. ಹಾಗಾಗಿ ಆ ಹನ್ನೊಂದು ಗಂಟೆ ಅಂದರೆ ನನ್ನ ಅರ್ಧ ವಾರ.

ನನ್ನ ಕೆಲಸವನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್‌ನಲ್ಲಿ ಕಟ್ಟಿದ ಸಣ್ಣ ಅಂಗಡಿಗಳ ಸೈಟುಗಳನ್ನು ಸರಿಯಾಗಿ ಓಡುವಂತೆ ನೋಡಿಕೊಳ್ಳುತ್ತೇನೆ. ನಿಧಾನವಾದ ಸೈಟನ್ನು ಚುರುಕು ಮಾಡುವುದು, ಅಪ್‌ಡೇಟ್ ಹಾಕಿದಾಗ ಮುರಿದದ್ದನ್ನು ಜೋಡಿಸುವುದು, ಹಣ ಕಟ್ಟುವ ಪುಟ ಕೈಕೊಟ್ಟರೆ ಯಾಕೆಂದು ಹುಡುಕುವುದು. ಐದು ವರ್ಷದಿಂದ ಹೆಚ್ಚಿನ ಕೆಲಸ ಬಂದಿರುವುದು ಆನ್‌ಲೈನ್ ಫ್ರೀಲ್ಯಾನ್ಸ್ ಮಾರುಕಟ್ಟೆಗಳಿಂದ, ಅಂದರೆ ಗ್ರಾಹಕರು ಕೆಲಸ ಪ್ರಕಟಿಸಿ ನಮ್ಮಂಥವರು ಅರ್ಜಿ ಹಾಕುವ ಅಪ್‌ವರ್ಕ್‌ನಂಥ ಸೈಟುಗಳಿಂದ. ಅಲ್ಲಿ ಪ್ರತಿ ಸಲ ಹಣ ಬಂದಾಗಲೂ ಮೊದಲ ಸಾಲಿನಲ್ಲಿ ಕಮಿಷನ್ ಕಳೆದಿರುತ್ತದೆ. ನಮ್ಮ ಭಾವ ಅದನ್ನು ಒಂದು ಸಲ ನನ್ನ ಫೋನಿನಲ್ಲಿ ನೋಡಿ, "ಏನಮ್ಮ, ನೂರಕ್ಕೆ ಹತ್ತು ಸುಮ್ನೆ ಯಾರಿಗೋ ಕೊಡ್ತೀಯಲ್ಲ, ಇಲ್ಲೇ ನಾಲ್ಕು ಜನರನ್ನ ಹಿಡಿದ್ರೆ ಅಷ್ಟೂ ನಿನಗೇ ಅಲ್ವಾ?" ಅಂದರು. ಅದು ತಲೆಯಲ್ಲಿ ಉಳಿಯಿತು. ಅದರ ಮೇಲೆ ಫೆಬ್ರವರಿಯಲ್ಲಿ ಒಂದು ಮಾರುಕಟ್ಟೆ ಗುರುತಿನ ದಾಖಲೆಯ ತಪಾಸಣೆ ಎಂದು ನನ್ನ ಖಾತೆಯನ್ನು 16 ದಿನ ತಡೆಹಿಡಿಯಿತು. ಮಾಡಿದ ಕೆಲಸದ ಹಣವೂ ಒಳಗೇ ಉಳಿಯಿತು, ಹೊಸ ಕೆಲಸವೂ ಇಲ್ಲ. ಎಲ್ಲ ಸರಿಹೋಯಿತು ನಿಜ. ಆದರೆ ಆ 16 ದಿನ ನಾನು ಮಲಗಿದಾಗಲೂ ಅದನ್ನೇ ಯೋಚಿಸುತ್ತಿದ್ದೆ. ನೇರ ಗ್ರಾಹಕರನ್ನು ಹುಡುಕಲೇಬೇಕು ಎಂದು ಹೊರಟದ್ದು ಆಮೇಲೆ. ಜೊತೆಗೆ, ಈ ಸಲ ಅಂದಾಜಿನ ಮೇಲೆ ಮಾತಾಡುವುದು ಬೇಡ, ಬರೆದಿಡೋಣ ಎಂದು ಜೂನ್ ಮೊದಲ ವಾರದಿಂದ 12 ವಾರ ಪ್ರತಿ ಅರ್ಧ ಗಂಟೆಯನ್ನೂ ಬರೆದೆ.

ಅಪ್ಪನ ಆಲೂಗಡ್ಡೆ

ಬರೆಯುತ್ತಾ ಹೋದಂತೆ ಒಂದು ಹಳೆಯ ವರ್ಷ ಮತ್ತೆ ಮತ್ತೆ ನೆನಪಾಗುತ್ತಿತ್ತು. ನಾನಾಗ ಏಳನೇ ಕ್ಲಾಸು. ಶಾಂತಿಗ್ರಾಮದ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಮುಂಗಾರಿಗೆ ಆಲೂಗಡ್ಡೆ ಹಾಕಿದ್ದರು. ಹಾಸನದ ಮಂಡಿಗೆ ಒಯ್ದರೆ ದಲ್ಲಾಳಿ ಬರೆದುಕೊಡುವ ಪಟ್ಟಿಯಲ್ಲಿ ಕಮಿಷನ್, ಹಮಾಲಿ, ತೂಕ ಎಂದು ಒಂದೊಂದೇ ಕಳೆದು ಕೊನೆಗೆ ಉಳಿದದ್ದು ಕೈಗೆ ಬರುತ್ತಿತ್ತು. ಆ ವರ್ಷ ಅಪ್ಪ ಆ ಪಟ್ಟಿಯನ್ನು ಅವ್ವನ ಮುಂದೆ ಎರಡು ಸಲ ಓದಿ, "ಈ ಸಲ ನಾನೇ ಮಾರ್ತೀನಿ ಕಣೆ" ಅಂದರು. ಉಳಿದಿದ್ದ 40 ಮೂಟೆಯನ್ನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹರವಿ, ಸಂತೆ ಸಂತೆಗೆ ನಾಲ್ಕು ಮೂಟೆ ಗಾಡಿಗೆ ಹಾಕಿಕೊಂಡು ಹೋಗುತ್ತಿದ್ದರು. ರಜೆಯ ದಿನ ನಾನೂ ಹೋಗಿದ್ದೆ. ತಕ್ಕಡಿ ಹಿಡಿಯುವುದು ಅಪ್ಪನಿಗೆ ಅಭ್ಯಾಸವಿಲ್ಲ. ಅಳತೆ ಹಾಕುವಾಗ ಯಾವಾಗಲೂ ಎರಡು ಗಡ್ಡೆ ಹೆಚ್ಚೇ ಬೀಳುತ್ತಿತ್ತು. ಬೆಲೆ ಮಂಡಿಗಿಂತ ಚೆನ್ನಾಗಿಯೇ ಸಿಕ್ಕಿತು. ಆದರೆ ಮೂರು ವಾರದಲ್ಲಿ ಹೋದದ್ದು ಹತ್ತು ಮೂಟೆಯೂ ಇಲ್ಲ. ಅಷ್ಟರಲ್ಲಿ ಮಳೆಯ ತೇವಕ್ಕೆ ಕೊಟ್ಟಿಗೆಯಲ್ಲಿ ಕೊಳೆ ಶುರುವಾಯಿತು. ಇತ್ತ ರಾಗಿ ಹೊಲಕ್ಕೆ ಕುಂಟೆ ಹೊಡೆಯುವ ದಿನಗಳು ಸಂತೆಯಲ್ಲಿ ಕಳೆದುಹೋಗಿ ಕಳೆ ಮೊಳಕಾಲುದ್ದ ಬೆಳೆಯಿತು. ಉಳಿದ ಮೂಟೆಗಳು ಕೊನೆಗೆ ಅದೇ ಮಂಡಿಗೆ ಹೋದವು.

ಈ ಕತೆಯನ್ನು ನಮ್ಮ ಮನೆಯಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದಕ್ಕೊಂದು ಬಾಲವಿದೆ. ಆ ಸಂತೆಯಲ್ಲಿ ಅಪ್ಪನ ಹತ್ತಿರ ಎರಡು ಮೂಟೆ ಕೊಂಡವರಲ್ಲಿ ಊಟದ ಮೆಸ್ಸು ನಡೆಸುತ್ತಿದ್ದವರೊಬ್ಬರಿದ್ದರು. ಮರುವರ್ಷ ಅವರು ಸಂತೆಗೆ ಕಾಯಲಿಲ್ಲ, ಮನೆಗೇ ಬಂದರು. ಅದರ ಮರುವರ್ಷ ತಮ್ಮ ಷಡ್ಡಕನನ್ನೂ ಕರೆದುಕೊಂಡು ಬಂದರು. ನಾನು ಕಾಲೇಜು ಮುಗಿಸುವ ತನಕ ಆ ಎರಡು ಮನೆಗೆ ಹೋಗುತ್ತಿದ್ದ ಆಲೂಗಡ್ಡೆಗೆ ಯಾವ ಪಟ್ಟಿಯೂ ಇರಲಿಲ್ಲ, ಅಪ್ಪ ಸಂತೆಗೆ ಹೋಗುವ ಕೆಲಸವೂ ಇರಲಿಲ್ಲ. ಇವೆರಡೂ ಒಂದೇ ವರ್ಷದಲ್ಲಿ ಶುರುವಾದದ್ದು. ಯಾವುದು ನಷ್ಟ, ಯಾವುದು ಲಾಭ ಎಂದು ಬಿಡಿಸಿ ನೋಡಲು ನನಗೆ ನನ್ನದೇ ಪುಸ್ತಕ ಬೇಕಾಯಿತು.

ಹನ್ನೆರಡು ವಾರದ ಪುಸ್ತಕ

ಪುಸ್ತಕದಲ್ಲಿ ಮೂರು ಕಾಲಂ. ಹಣ ಬರುವ ಕೆಲಸ, ಕೆಲಸ ಹುಡುಕುವ ಕೆಲಸ, ಹಣ ವಸೂಲಿಯ ಕೆಲಸ. ಫ್ರೀಲ್ಯಾನ್ಸ್ ಮಾಡುವವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಎಣಿಸುತ್ತೇವೆ. ಭಾವ ಹೇಳಿದ ನೂರಕ್ಕೆ ಹತ್ತು ಕಣ್ಣಿಗೆ ಹೊಡೆಯುವುದು ಅದಕ್ಕೇ. ಅದು ಪರದೆಯ ಮೇಲೆ ಸಂಖ್ಯೆಯಾಗಿ ಕಾಣುತ್ತದೆ. ಸಕಲೇಶಪುರದ ಬಸ್ಸಿನಲ್ಲಿ ಕಳೆದ ಗಂಟೆಗೆ ಯಾರೂ ರಸೀದಿ ಕೊಡುವುದಿಲ್ಲ.

ಮೊದಲು ಮಾರುಕಟ್ಟೆಯ ಕಡೆ. 12 ವಾರದಲ್ಲಿ ಅಲ್ಲಿ ಹಣ ಬರುವ ಕೆಲಸ 80 ಗಂಟೆ ಆಯಿತು. ನನ್ನ ದರ ರೂಪಾಯಿಯಲ್ಲಿ ಗಂಟೆಗೆ ಸುಮಾರು 1,500. ಒಟ್ಟು 1,20,000. ಇದರಲ್ಲಿ ಕಮಿಷನ್ 12,000 ಹೋಯಿತು. ಆದರೆ ಹೋಗುವುದು ಅಷ್ಟೇ ಅಲ್ಲ. ಅಪ್‌ವರ್ಕ್‌ನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಕನೆಕ್ಟ್ಸ್ ಎಂಬ ಟೋಕನ್ ಖರ್ಚು ಮಾಡಬೇಕು. ಒಂದಕ್ಕೆ 15 ಸೆಂಟ್, ಒಂದು ಅರ್ಜಿಗೆ ಹತ್ತು ಹದಿನೈದು ಟೋಕನ್ ಸುಲಭವಾಗಿ ಹಿಡಿಯುತ್ತದೆ. ಕೆಲಸ ಸಿಗದಿದ್ದರೆ ಸಾಮಾನ್ಯವಾಗಿ ಅದು ವಾಪಸು ಬರುವುದಿಲ್ಲ. ನನ್ನ 20 ಅರ್ಜಿಗೆ 3,600 ರೂಪಾಯಿ ಹೋಯಿತು. ಡಾಲರನ್ನು ರೂಪಾಯಿ ಮಾಡಿ ಬ್ಯಾಂಕಿಗೆ ಹಾಕುವಾಗ ಅವತ್ತಿನ ದರಕ್ಕಿಂತ ಸ್ವಲ್ಪ ಕಡಿಮೆ ದರ ಸಿಗುತ್ತದೆ, ಅದು 2,100. ಎಲ್ಲ ಸೇರಿ 17,700. ಅಂದರೆ ನೂರಕ್ಕೆ ಹತ್ತು ಅಂದುಕೊಂಡದ್ದು ನಿಜವಾಗಿ ನೂರಕ್ಕೆ ಹದಿನೈದರ ಹತ್ತಿರ. ಅರ್ಜಿ ಬರೆಯಲು, ಕರೆಗೆ ಕೂರಲು 18 ಗಂಟೆ. ಹಣ ವಸೂಲಿಗೆ ಸೊನ್ನೆ. ಕೈಗೆ ಉಳಿದ 1,02,300 ರೂಪಾಯಿಯನ್ನು 98 ಗಂಟೆಗೆ ಹಂಚಿದರೆ ಗಂಟೆಗೆ 1,040 ಚಿಲ್ಲರೆ.

ಇನ್ನು ನೇರ ಗ್ರಾಹಕರ ಕಡೆ. ಹಾಸನದ ಒಂದು ಕ್ಲಿನಿಕ್, ಒಂದು ಪೀಠೋಪಕರಣದ ಅಂಗಡಿ, ಸಕಲೇಶಪುರದ ಕಡೆಯ ಇನ್ನೊಂದು ಹೋಂಸ್ಟೇ, ಮತ್ತು ಬೆಂಗಳೂರಿನಲ್ಲಿ ಕಾಫಿಪುಡಿ ಮಾರುವ ಒಂದು ಸಣ್ಣ ಕಂಪನಿ. ಒಟ್ಟು ಬಿಲ್ಲು 78,000. ಹಣ ಬರುವ ಕೆಲಸ 62 ಗಂಟೆ. ಹುಡುಕಾಟ 74 ಗಂಟೆ. ವಸೂಲಿ 14 ಗಂಟೆ. ಓಡಾಟದ ಖರ್ಚು 5,000. ಕಮಿಷನ್ ಒಂದು ರೂಪಾಯಿಯೂ ಇಲ್ಲ. 73,000ವನ್ನು 150 ಗಂಟೆಗೆ ಹಂಚಿದಾಗ ಗಂಟೆಗೆ 487 ಬಂತು. ಅದೂ ಬಿಲ್ಲು ಪೂರ್ತಿ ಕೈಗೆ ಬಂದರೆ. ಹನ್ನೆರಡನೇ ವಾರ ಮುಗಿದಾಗ ಬಂದಿದ್ದದ್ದು 52,000 ಮಾತ್ರ.

ವಸೂಲಿಯ ಆ 14 ಗಂಟೆಯಲ್ಲಿ ಬಹುಪಾಲು ಕ್ಲಿನಿಕ್ಕಿನದು. ಕೆಲಸ ಅವರಿಗೆ ಇಷ್ಟವಾಗಿತ್ತು, ಹಣ ಕೊಡುವುದಿಲ್ಲ ಎಂದವರೂ ಅಲ್ಲ. ಆದರೆ ಚೆಕ್ಕಿಗೆ ಸಹಿ ಹಾಕಬೇಕಾದವರು ಯಾವಾಗಲೂ ಆಪರೇಷನ್ ಥಿಯೇಟರಿನಲ್ಲಿ. "ಸಾಹೇಬ್ರು ಒಳಗಿದಾರೆ ಕಣಕ್ಕ, ಕೂತಿರಿ" ಎಂದು ಕೌಂಟರಿನ ಹುಡುಗಿ ಕುರ್ಚಿ ತೋರಿಸುತ್ತಿದ್ದಳು. ರೋಗಿಗಳ ಸಾಲಿನಲ್ಲಿ ಕೂತು, ಲ್ಯಾಪ್‌ಟಾಪ್ ತೆಗೆಯಲೂ ಸಂಕೋಚ ಪಟ್ಟು, ಮಗಳ ಶಾಲೆ ಬಿಡುವ ಹೊತ್ತಾದಾಗ ಎದ್ದು ಬಂದದ್ದು ನಾಲ್ಕು ಸಲ. ಯಾರನ್ನು ದೂರುವುದು? ನಾನು ಮುಂಗಡ ಕೇಳದೆ ಕೆಲಸ ಶುರು ಮಾಡಿದ್ದೆ. ಮಾರುಕಟ್ಟೆಯಲ್ಲಿ ಮೊತ್ತ ಗೊತ್ತುಮಾಡಿದ ಕೆಲಸವಾದರೆ ಶುರುವಾಗುವ ಮೊದಲೇ ಗ್ರಾಹಕರ ಹಣ ಎಸ್ಕ್ರೋದಲ್ಲಿ, ಅಂದರೆ ಮಧ್ಯದವರ ಕೈಯಲ್ಲಿ, ಕೂತಿರುತ್ತದೆ. ಗಂಟೆ ಲೆಕ್ಕದ ಕೆಲಸವಾದರೆ ವಾರ ವಾರ ಬಿಲ್ಲಾಗುತ್ತದೆ. ನೂರಕ್ಕೆ ಹತ್ತರಲ್ಲಿ ಒಂದು ಪಾಲು ಈ ಕುರ್ಚಿಯಲ್ಲಿ ಕೂರದೆ ಇರುವುದರ ಬೆಲೆ ಎಂದು ನನಗೆ ಅರ್ಥವಾದದ್ದು ಅಲ್ಲಿ ಕೂತಾಗ.

ಇಷ್ಟು ನೋಡಿದರೆ ಭಾವನ ಮಾತು ತಪ್ಪು, ಮಾರುಕಟ್ಟೆಯೇ ಸರಿ ಎಂದು ಪುಸ್ತಕ ಮುಚ್ಚಬಹುದಿತ್ತು. ಮುಚ್ಚಿಯೂ ಇದ್ದೆ. ಎರಡು ದಿನ ಬಿಟ್ಟು ಮತ್ತೆ ತೆರೆದಾಗ ಕಾಫಿಪುಡಿ ಕಂಪನಿಯ ಸಾಲು ಉಳಿದವುಗಳ ಜೊತೆ ಸೇರದೆ ನಿಂತಿರುವುದು ಕಂಡಿತು. ಅವರನ್ನು ನಾನು ಹುಡುಕಿದ್ದೇ ಅಲ್ಲ. ನಮ್ಮ ತೆರಿಗೆ ಲೆಕ್ಕ ನೋಡುವ ಆಡಿಟರ್ ಅವರಿಗೂ ಆಡಿಟರ್. ಸೈಟಿನಲ್ಲಿ ಆರ್ಡರ್ ನಿಂತುಹೋಗಿದೆ ಎಂದು ಅವರು ಗೊಣಗಿದಾಗ ಆಡಿಟರ್ ನನ್ನ ನಂಬರ್ ಕೊಟ್ಟಿದ್ದರು. ಒಂದು ಫೋನು, ಒಂದು ವೀಡಿಯೋ ಕರೆ, ಒಂದು ಪುಟದ ಇಮೇಲು. ಹುಡುಕಾಟಕ್ಕೆ ಹೋದದ್ದು 3 ಗಂಟೆ. ಮಾಡಿದ ಕೆಲಸ 24 ಗಂಟೆ, ಬಿಲ್ಲು 36,000. ದರ ಗಂಟೆಗೆ ಅದೇ 1,500, ಚೌಕಾಸಿ ಇಲ್ಲ. ಹತ್ತು ದಿನದಲ್ಲಿ ಹಣ ಬಂತು. ಅಂದರೆ ಗಂಟೆಗೆ 1,333. ಇದನ್ನು ತೆಗೆದಿಟ್ಟು ಉಳಿದ ಮೂವರನ್ನು ಲೆಕ್ಕ ಹಾಕಿದರೆ 42,000 ರೂಪಾಯಿಯ ಕೆಲಸಕ್ಕೆ 38 ಗಂಟೆ, ಅದಕ್ಕೆ ಹುಡುಕಾಟ 71, ವಸೂಲಿ 14. ಓಡಾಟ ಕಳೆದು ಗಂಟೆಗೆ 301 ರೂಪಾಯಿ.

ನೇರ ಗ್ರಾಹಕ ಎಂಬ ಒಂದೇ ಹೆಸರಿನ ಕೆಳಗೆ 1,333 ಮತ್ತು 301 ಎರಡೂ ಇದ್ದವು. ನಾನು ಅವುಗಳ ಸರಾಸರಿ ತೆಗೆದು ನೋಡಿದ್ದೆ. ಸಂತೆಯಲ್ಲಿ ತಕ್ಕಡಿ ಹಿಡಿದು ನಿಂತ ಅಪ್ಪ ಮತ್ತು ಮನೆ ಬಾಗಿಲಿಗೆ ಬಂದ ಮೆಸ್ಸಿನವರು, ಎರಡನ್ನೂ ನೇರ ಮಾರಾಟ ಎಂದೇ ಕರೆದ ಹಾಗೆ.

ಎಷ್ಟು ಕೆಲಸ ಬಂದರೆ ಹುಡುಕಾಟ ತೀರುತ್ತದೆ

ಆದರೂ ಒಂದು ಪ್ರಶ್ನೆ ಉಳಿದಿತ್ತು, ಮತ್ತು ಅದು ನ್ಯಾಯವಾದದ್ದೇ. ಹುಡುಕಾಟ ಒಂದೇ ಸಲ, ಕಮಿಷನ್ ಪ್ರತಿ ಸಲ. ಇವತ್ತು ಒಬ್ಬರನ್ನು ಹುಡುಕಲು ಎರಡು ದಿನ ಹೋದರೂ, ಅವರು ಹತ್ತು ವರ್ಷ ಕೆಲಸ ಕೊಟ್ಟರೆ ಗೆದ್ದಂತೆ ಅಲ್ಲವೇ? ಇದಕ್ಕೆ ಉತ್ತರ ಒಂದು ಭಾಗಾಕಾರದಲ್ಲಿದೆ.

ಪರಿಚಯವಿಲ್ಲದವರ ಬಾಗಿಲು ತಟ್ಟಿ 71 ಗಂಟೆಯಲ್ಲಿ ನನಗೆ ಸಿಕ್ಕವರು ಮೂವರು. ಸಕಲೇಶಪುರದ ಮೊದಲ ಮನೆಯಂಥ ಆಗದೆ ಹೋದ ಪ್ರಯತ್ನಗಳೂ ಇದರಲ್ಲಿ ಸೇರಿವೆ, ಸೇರಲೇಬೇಕು. ಒಬ್ಬರಿಗೆ ಸುಮಾರು 24 ಗಂಟೆ. ಮಾರುಕಟ್ಟೆಯಲ್ಲಿ 18 ಗಂಟೆಗೆ ನಾಲ್ವರು ಸಿಕ್ಕರು, ಒಬ್ಬರಿಗೆ ನಾಲ್ಕೂವರೆ. ವ್ಯತ್ಯಾಸ ಹತ್ತೊಂಬತ್ತು ಗಂಟೆ ಎನ್ನೋಣ. ನನ್ನ ಒಂದು ಗಂಟೆ ಮಾರುಕಟ್ಟೆಯಲ್ಲಿ ಎಲ್ಲ ಕಳೆದು ಸಾವಿರ ರೂಪಾಯಿ ತರುತ್ತದೆ. ಹಾಗಾಗಿ ಒಬ್ಬ ನೇರ ಗ್ರಾಹಕರನ್ನು ಗಳಿಸಲು ನಾನು ಹೆಚ್ಚಿಗೆ ಕೊಟ್ಟ ಬೆಲೆ 19,000. ಇದಕ್ಕೆ ಬದಲಾಗಿ ಉಳಿಯುವುದು ಕಮಿಷನ್ನು ಮತ್ತು ಡಾಲರ್ ಬದಲಾವಣೆಯ ನಷ್ಟ, ನೂರಕ್ಕೆ ಹನ್ನೆರಡು. ಹಳೆಯ ಗ್ರಾಹಕರಿಗೆ ಟೋಕನ್ ಬೇಡವಾದ್ದರಿಂದ ಅದನ್ನು ಸೇರಿಸಲಿಲ್ಲ. 19,000ವನ್ನು 0.12ರಿಂದ ಭಾಗಿಸಿದರೆ 1,58,000 ಚಿಲ್ಲರೆ. ಆ ಒಬ್ಬ ಗ್ರಾಹಕರಿಂದ ಇಷ್ಟು ಮೊತ್ತದ ಕೆಲಸ ಬಂದ ಮೇಲೆ ಮಾತ್ರ ಕಮಿಷನ್ ಉಳಿಸಿದ ಲಾಭ ಶುರುವಾಗುತ್ತದೆ. ಕ್ಲಿನಿಕ್ಕಿನವರು ಸೈಟ್ ನೋಡಿಕೊಳ್ಳಲು ಕೊಡುವುದು ವರ್ಷಕ್ಕೆ 18,000. ಎಂಟು ವರ್ಷ ದಾಟಬೇಕು.

ಇಷ್ಟು ಬರೆದು ಮೇಲೆ ಕಣ್ಣಾಡಿಸಿದಾಗ ಲೆಕ್ಕದಲ್ಲಿ ಒಂದು ತಪ್ಪು ಕಂಡಿತು. ಎರಡೂ ಕಡೆ ದರ ಒಂದೇ ಎಂದು ಹಿಡಿದುಬಿಟ್ಟಿದ್ದೆ. ಊರಿನ ಮೂವರಿಂದ ನನಗೆ ಬಂದದ್ದು 38 ಗಂಟೆಗೆ 42,000, ಅಂದರೆ ಗಂಟೆಗೆ 1,105. ಮಾರುಕಟ್ಟೆಯ 1,500ರಲ್ಲಿ ನೂರಕ್ಕೆ ಹನ್ನೆರಡು ಕಳೆದರೂ 1,320 ಉಳಿಯುತ್ತದೆ. ಹಾಗಾದರೆ ಕ್ಲಿನಿಕ್ಕಿನ ವಿಷಯದಲ್ಲಿ ಎಂಟು ವರ್ಷವಲ್ಲ, ಎಂದೂ ತೀರುವುದಿಲ್ಲ. ಪ್ರತಿ ಗಂಟೆಗೂ ಇನ್ನೂರು ರೂಪಾಯಿ ಹಿಂದೆ ಬೀಳುತ್ತಿರುತ್ತೇನೆ. ಭಾವ ಹೇಳಿದ ಹತ್ತನ್ನು ಉಳಿಸಲು ಹೋಗಿ ನಾನು ದರದಲ್ಲೇ ಇಪ್ಪತ್ತಾರು ಬಿಟ್ಟುಕೊಟ್ಟಿದ್ದೆ. ನೇರ ಗ್ರಾಹಕರ ಬಗ್ಗೆ ಯಾರಾದರೂ ಲೆಕ್ಕ ಹಾಕುವುದಾದರೆ ಮೊದಲು ಈ ಸಾಲನ್ನು ನೋಡಿ ಎಂದು ಕೇಳಿಕೊಳ್ಳುತ್ತೇನೆ: ಕಮಿಷನ್ ಕಳೆದ ಮೇಲೆ ಉಳಿಯುವ ದರ ದೊಡ್ಡದೋ, ನೇರವಾಗಿ ಸಿಗುವ ದರ ದೊಡ್ಡದೋ. ಎರಡನೆಯದು ಸಣ್ಣದಾಗಿದ್ದರೆ ಮುಂದಿನ ಲೆಕ್ಕವೇ ಬೇಡ.

ಬೆಂಗಳೂರಿನ ಒಂದು ಡಿಸೈನ್ ಏಜೆನ್ಸಿಯ ಜೊತೆಗೂ ಆಗ ಮಾತು ನಡೆಯುತ್ತಿತ್ತು. ತಿಂಗಳಿಗೆ ಸುಮಾರು 25,000 ರೂಪಾಯಿಯ ಕೆಲಸ, ಗಂಟೆಗೆ 1,400. ಮೊದಲ ಲೆಕ್ಕದ ಪ್ರಕಾರ ಆರು ತಿಂಗಳು ಚಿಲ್ಲರೆಗೆ ಹುಡುಕಾಟ ತೀರಬೇಕು. ಆದರೆ 1,400ಕ್ಕೂ 1,320ಕ್ಕೂ ಇರುವ ಅಂತರ 80 ರೂಪಾಯಿ. 19,000 ತೀರಲು ಸುಮಾರು 240 ಗಂಟೆ ಬೇಕು, ತಿಂಗಳಿಗೆ ಹದಿನೆಂಟು ಗಂಟೆಯಂತೆ ವರ್ಷದ ಮೇಲಾಗುತ್ತದೆ. ಅವರು ಬಿಲ್ಲಿನಲ್ಲಿ ತೆರಿಗೆಯ ಪಾಲನ್ನು ಟಿಡಿಎಸ್ ಎಂದು ಮೊದಲೇ ಹಿಡಿಯುತ್ತಾರೆ. ಅದು ನಷ್ಟವಲ್ಲ, ತೆರಿಗೆ ಇಲಾಖೆಯಲ್ಲಿ ನನ್ನ ಹೆಸರಿನ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ ಹಾಕಿದ ಮೇಲೆ ಲೆಕ್ಕಕ್ಕೆ ಬರುತ್ತದೆ. ಆದರೆ ಅಲ್ಲಿಯ ತನಕ ಕೈಯಲ್ಲಿ ಇರುವುದಿಲ್ಲ. ಆದರೂ ನಾನು ಈ ಏಜೆನ್ಸಿಗೆ ಹೂಂ ಅಂದೆ. ಕಾರಣ ಆ 80 ರೂಪಾಯಿಯಲ್ಲ, ಫೆಬ್ರವರಿಯ 16 ದಿನ. ಮಾರುಕಟ್ಟೆಯ ಬಾಗಿಲು ಇನ್ನೊಮ್ಮೆ ಮುಚ್ಚಿದರೆ ಮನೆಯ ಬಾಡಿಗೆ ಮತ್ತು ಅತ್ತೆಯ ಔಷಧಿಯಷ್ಟಾದರೂ ಬೇರೆ ಕಡೆಯಿಂದ ಬರಬೇಕು. ಅದಕ್ಕೆ 25,000 ಸಾಕು. ಇದನ್ನು ಕಮಿಷನ್ ಉಳಿಸುವ ದಾರಿ ಎಂದು ನಾನು ಈಗ ನೋಡುವುದಿಲ್ಲ. ವಿಮೆಯ ಕಂತು ಎಂದು ನೋಡುತ್ತೇನೆ. ಹಾಗೆ ನೋಡಿದಾಗ ಒಬ್ಬರೋ ಇಬ್ಬರೋ ಇಂಥವರು ಸಾಕು, ಹತ್ತು ಜನ ಬೇಡ ಎಂಬುದೂ ತಾನಾಗಿ ತಿಳಿಯುತ್ತದೆ.

ಏಜೆನ್ಸಿಯ ಜೊತೆ ಎರಡು ವಿಷಯ ಮೊದಲೇ ಮಾಡಿದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ ಅದರ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಹಾಕುತ್ತೇನೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ತಡೆಯುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆ ಮಿತಿ ಮೀರಿ ಬಾಕಿ ಉಳಿಸಿಕೊಂಡರೆ, ಹಣ ಕೊಡುವ ತನಕ ಕಂಪನಿ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಲಾಗದು ಎಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಲೆಕ್ಕಪತ್ರದ ವಿಭಾಗವಿರುವ ಕಂಪನಿಗಳಿಗೆ ಇದು ಗೊತ್ತಿರುತ್ತದೆ. ಇನ್ನೊಂದು, ಮೊದಲ ತಿಂಗಳ ಅರ್ಧ ಮುಂಗಡ. ಕ್ಲಿನಿಕ್ಕಿನ ಕುರ್ಚಿ ಕಲಿಸಿದ್ದು.

ಮಾರುಕಟ್ಟೆಯಲ್ಲಿ ಸಿಕ್ಕವರನ್ನೇ ಹೊರಗೆ ಕರೆದರೆ?

ಇದನ್ನು ಎಲ್ಲರೂ ಕೇಳುತ್ತಾರೆ. ಒಬ್ಬ ಗ್ರಾಹಕರೇ ನನ್ನನ್ನು ಕೇಳಿದ್ದರು, "ಇನ್ನು ಮುಂದೆ ನೇರವಾಗಿ ಕಳಿಸಲೇ, ಇಬ್ಬರಿಗೂ ಉಳಿತಾಯ" ಎಂದು. ಅಪ್‌ವರ್ಕ್‌ನ ಒಪ್ಪಂದದಲ್ಲಿ, ಅಲ್ಲಿ ಪರಿಚಯವಾದವರ ಜೊತೆ 24 ತಿಂಗಳು ಅಲ್ಲಿಯೇ ವ್ಯವಹರಿಸಬೇಕು ಎಂದಿದೆ. ಬೇಗ ಹೊರಬರಬೇಕಾದರೆ ಅದಕ್ಕೆ ಬೇರೆ ಶುಲ್ಕ ಕಟ್ಟಬೇಕು. ನಾನು ಆಗುವುದಿಲ್ಲ ಅಂದೆ. ಒಪ್ಪಿ ಸಹಿ ಹಾಕಿದ್ದನ್ನು ಮುರಿಯಲು ಮನಸ್ಸು ಬರಲಿಲ್ಲ. ಅದಲ್ಲದೆ, ಐದು ವರ್ಷದ ರೇಟಿಂಗು ಮತ್ತು ವಿಮರ್ಶೆಗಳು ಒಂದು ಖಾತೆಯಲ್ಲಿವೆ. ಅದೇ ನನ್ನ ಅಂಗಡಿ. ಒಬ್ಬರ ಹತ್ತು ಪರ್ಸೆಂಟಿಗೆ ಅಂಗಡಿಯನ್ನೇ ಪಣಕ್ಕಿಡುವುದು ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಹಿಂದೆ ಅಪ್‌ವರ್ಕ್‌ನಲ್ಲಿ ಒಬ್ಬ ಗ್ರಾಹಕರ ಮೊದಲ 500 ಡಾಲರಿಗೆ ನೂರಕ್ಕೆ 20, ಅಲ್ಲಿಂದ 10,000 ಡಾಲರ್ ತನಕ 10, ಅದರ ಮೇಲೆ 5 ಎಂಬ ಇಳಿಜಾರಿನ ಲೆಕ್ಕವಿತ್ತು. ಹೊಸ ಪರಿಚಯ ದುಬಾರಿ, ಹಳೆಯದು ಅಗ್ಗ. ಮಾರುಕಟ್ಟೆ ಮಾಡಿಕೊಟ್ಟ ಪರಿಚಯಕ್ಕೆ ಬೆಲೆ, ನಾನು ಉಳಿಸಿಕೊಂಡ ನಂಬಿಕೆಗೆ ರಿಯಾಯಿತಿ. 2023ರ ಮೇ ತಿಂಗಳಲ್ಲಿ ಅದು ಹೋಗಿ ಹೊಸ ಒಪ್ಪಂದಗಳಿಗೆಲ್ಲ 10 ಆಯಿತು. 2025ರ ಮೇ ನಂತರದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ 15ರ ತನಕ, ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಫೈವರ್‌ನಲ್ಲಿ ಮೊದಲಿನಿಂದಲೂ ನೂರಕ್ಕೆ 20, ಹಳಬರಿರಲಿ ಹೊಸಬರಿರಲಿ. ಮೂರು ವರ್ಷದಿಂದ ನನ್ನ ಜೊತೆಗಿರುವ ಗ್ರಾಹಕರ ಮೇಲೂ ಮೊದಲ ದಿನದ ಹಾಗೆ ಕಮಿಷನ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. 24 ತಿಂಗಳು ಮುಗಿಯುವ ದಿನವನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಈಗ ಬರೆದಿಟ್ಟಿದ್ದೇನೆ. ಆ ದಿನ ಕಳೆದವರು ಇಬ್ಬರಿದ್ದಾರೆ. ಒಬ್ಬರು ನೇರಕ್ಕೆ ಬಂದರು. ಇನ್ನೊಬ್ಬರು ಬರಲಿಲ್ಲ, ಅವರ ಕಚೇರಿಗೆ ಒಂದೇ ಕಡೆ ಬಿಲ್ಲು ಬರುವುದು ಅನುಕೂಲವಂತೆ. ನೇರಕ್ಕೆ ಬಂದವರಿಗೆ ಹುಡುಕಾಟದ ಗಂಟೆ ಸೊನ್ನೆ, ದರ ಅದೇ. ನೇರ ಗ್ರಾಹಕರಲ್ಲಿ ಇದಕ್ಕಿಂತ ಅಗ್ಗವಾಗಿ ಸಿಗುವವರು ಯಾರೂ ಇಲ್ಲ.

ಈಗಿನ ವಾರ

ಇನ್ನೊಂದು ಸೂಕ್ಷ್ಮವಿದೆ. ನನ್ನ ಗಂಟೆಗೆ ಸಾವಿರ ರೂಪಾಯಿ ಎಂದು ಹಿಡಿದದ್ದು ಆ ಗಂಟೆ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ ಎಂಬ ನಂಬಿಕೆಯ ಮೇಲೆ. ವರ್ಷದ ಎಲ್ಲ ವಾರವೂ ಹಾಗಿರುವುದಿಲ್ಲ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಎಂಬ ದೊಡ್ಡ ಮಾರಾಟ ಹತ್ತಿರ ಬಂದರೆ ಹೊರದೇಶದ ಅಂಗಡಿಗಳು ಸೈಟನ್ನು ಮುಟ್ಟಬೇಡಿ ಎನ್ನುತ್ತವೆ. ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದ ತನಕ ಅಲ್ಲಿ ಇಮೇಲಿಗೆ ಉತ್ತರಿಸುವವರೇ ಇರುವುದಿಲ್ಲ. ಆ ವಾರಗಳಲ್ಲಿ ನನ್ನ ಗಂಟೆಯ ಬೆಲೆ ಬಹುತೇಕ ಸೊನ್ನೆ. ಅಪರಿಚಿತರ ಬಾಗಿಲು ತಟ್ಟುವುದಿದ್ದರೆ ಆಗ ತಟ್ಟಬೇಕು. ನಾನು ಜೂನ್, ಜುಲೈನಲ್ಲಿ, ಕೈತುಂಬ ಕೆಲಸವಿದ್ದಾಗ ಅರ್ಜಿಗಳನ್ನು ಬಿಟ್ಟು ಸಕಲೇಶಪುರದ ಬಸ್ಸು ಹತ್ತಿದ್ದೆ. ರಾಗಿಗೆ ಕುಂಟೆ ಹೊಡೆಯುವ ಹೊತ್ತಿಗೆ ಸಂತೆಗೆ ಹೋದಂತೆ.

ಹಾಗಾಗಿ ಈಗಿನ ಇಪ್ಪತ್ತೆರಡು ಗಂಟೆ ಹೀಗಿದೆ. ಹದಿನೆಂಟು ಹತ್ತೊಂಬತ್ತು ಗಂಟೆ ಹಣ ಬರುವ ಕೆಲಸ, ಅದರಲ್ಲಿ ಏಜೆನ್ಸಿ ಮತ್ತು ಕಾಫಿಪುಡಿಯವರದು ಆರೇಳು. ಒಂದೂವರೆ ಗಂಟೆ ಮಾರುಕಟ್ಟೆಯ ಅರ್ಜಿಗಳಿಗೆ, ವಾರಕ್ಕೆ ಎರಡಕ್ಕಿಂತ ಹೆಚ್ಚು ಹಾಕುವುದಿಲ್ಲ. ಉಳಿದದ್ದು ಜನರಿಗೆ. ಆ ಜನ ಮೂವರೇ: ಆಡಿಟರ್, ನಗರದಲ್ಲಿ ಕಾರ್ಡು ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನ ಅಣ್ಣ, ಮತ್ತು ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ. ಈ ಮೂವರ ಹತ್ತಿರಕ್ಕೂ ವ್ಯಾಪಾರ ಮಾಡುವವರು ತಾವಾಗಿ ಬರುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಅವರಿಗೆ ನಾನು ಯಾವ ಪಾಲೂ ಕೊಡುವುದಿಲ್ಲ, ಆಡಿಟರ್ ಕೊಟ್ಟರೂ ತೆಗೆದುಕೊಳ್ಳುವವರಲ್ಲ. ಆದರೆ ಅವರು ಕಳಿಸಿದವರಿಗೆ ಅದೇ ದಿನ ಫೋನು ಮಾಡುತ್ತೇನೆ. ನನ್ನಿಂದ ಆಗದ ಕೆಲಸವಾದರೆ ಆಗುವವರ ಹೆಸರು ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಏನಾಯಿತೆಂದು ಕಳಿಸಿದವರಿಗೆ ಒಂದು ಸಾಲು ತಿಳಿಸುತ್ತೇನೆ. ಸೆಪ್ಟೆಂಬರಿನಿಂದ ಹೀಗೆ ಬಂದವರು ಐವರು, ಕೆಲಸವಾದದ್ದು ಮೂವರದು. ಒಬ್ಬರಿಗೂ ಹುಡುಕಾಟ ನಾಲ್ಕು ಗಂಟೆ ದಾಟಿಲ್ಲ. ಕ್ಲಿನಿಕ್ಕಿನ ಕೆಲಸವನ್ನು ಬಿಟ್ಟಿಲ್ಲ. ದರ ಏರಿಸುತ್ತೇನೆ, ವರ್ಷದ ಹಣ ಮೊದಲೇ ಬೇಕು ಅಂದೆ, ಒಪ್ಪಿದರು. ಪುಸ್ತಕದಲ್ಲಿ ನಾಲ್ಕನೆಯ ಕಾಲಂ ಒಂದು ಸೇರಿದೆ, "ಯಾರು ಕಳಿಸಿದ್ದು" ಎಂದು.

ಕಳೆದ ವಾರ ಸಕಲೇಶಪುರದ ಆ ಮೊದಲ ಮನೆಯವರ ಫೋನು ಮತ್ತೆ ಬಂತು. ತಂಗಿಯ ಮಗನಿಗೆ ಪರೀಕ್ಷೆ, ಸೈಟು ಅರ್ಧಕ್ಕೆ ನಿಂತಿದೆ. "ಒಂದ್ಸಲ ಬಂದು ನೋಡ್ಕೊಂಡು ಹೋಗಿ ಮೇಡಂ, ಕಾಫಿ ಹಣ್ಣಾಗಿದೆ, ತೋಟ ನೋಡೋಕೇ ಚೆಂದ" ಅಂದರು. ಬರಲು ಆಗುವುದಿಲ್ಲ, ವೀಡಿಯೋ ಕರೆಯಲ್ಲಿ ಅರ್ಧ ಗಂಟೆ ಮಾತಾಡೋಣ, ದರ ಇಷ್ಟು, ಅರ್ಧ ಮುಂಗಡ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆಗಲಿ, ಮನೇಲಿ ಕೇಳಿ ಹೇಳ್ತೀವಿ" ಅಂದರು. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹತ್ತು ನಿಮಿಷ ಎಂದು ಬರೆದು, ಅರ್ಧಕ್ಕೆ ಬಿಟ್ಟಿದ್ದ ಕಾಫಿಪುಡಿಯವರ ಕೆಲಸಕ್ಕೆ ಕೂತೆ.